ಪ್ಯಾಕೆಟ್ ಒಂದು ಅಳತೆಯಲ್ಲ

ಮಾರ್ಚ್ 31 ಹತ್ತಿರವಾದಂತೆ ವಿದ್ಯಾರ್ಥಿನಿಲಯಗಳ ಉಗ್ರಾಣಗಳಲ್ಲಿ ದಾಸ್ತಾನು ಎಣಿಕೆ ಶುರುವಾಗುತ್ತದೆ. ಒಬ್ಬರು ಕಪಾಟಿನ ಮುಂದೆ ನಿಂತು ಕೂಗಿ ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಹಾಗೆ ಬರೆದದ್ದು ಆಮೇಲೆ ಕಂಪ್ಯೂಟರಿನ ಹಾಳೆಗೆ ಏರುತ್ತದೆ. ಅಂಥ ಒಂದು ಹಾಳೆಯಲ್ಲಿ ತೊಗರಿಬೇಳೆಯ ಸಾಲುಗಳು ಹೀಗಿವೆ ಎಂದಿಟ್ಟುಕೊಳ್ಳೋಣ:

ತೊಗರಿಬೇಳೆ: 2 ಮೂಟೆ
ತೊಗರಿಬೇಳೆ: 12.5 ಕೆಜಿ
ತೊಗರಿ ಬೇಳೆ: 750 ಗ್ರಾಂ
ತೊಗರಿ: 1 ಡಜನ್ ಪ್ಯಾಕೆಟ್
ತೊಗರಿಬೇಳೆ: 8 ಪ್ಯಾಕೆಟ್

ಅಂಕಿಗಳ ಕಾಲಂ ಕೂಡಿಸಿದರೆ 773.5 ಬರುತ್ತದೆ. ಇದು ಕಿಲೋ ಅಲ್ಲ, ಗ್ರಾಂ ಅಲ್ಲ, ಪ್ಯಾಕೆಟ್ಟೂ ಅಲ್ಲ. ಇಷ್ಟು ಯಾರಿಗಾದರೂ ಗೊತ್ತಾಗುತ್ತದೆ. ಹಾಗಾಗಿ ಕೂಡಿಸುವ ಮೊದಲು ಎಲ್ಲವನ್ನೂ ಒಂದೇ ಅಳತೆಗೆ ತರಬೇಕು ಎಂಬ ಮಾತಿಗೆ ಯಾರ ತಕರಾರೂ ಇರುವುದಿಲ್ಲ. ತಕರಾರು ಇರಬೇಕಾದದ್ದು ಹೇಗೆ ತರುವುದು ಎಂಬಲ್ಲಿ. ಕಿಲೋ, ಗ್ರಾಂ, ಡಜನ್, ಪ್ಯಾಕೆಟ್ ಈ ನಾಲ್ಕನ್ನೂ ಒಂದೇ ಜಾತಿಯ ಪದಗಳೆಂದು ತಿಳಿದು ಒಂದೇ ಪಟ್ಟಿಯಲ್ಲಿ ಪರಿವರ್ತಿಸಲು ಹೊರಡುವುದೇ ದಾಸ್ತಾನು ಲೆಕ್ಕದ ದೊಡ್ಡ ತಪ್ಪು ಎಂಬುದು ನನ್ನ ವಾದ. ಇವುಗಳಲ್ಲಿ ಎರಡು ತೂಕದ ಅಳತೆಗಳು, ಒಂದು ಎಣಿಕೆ. ನಾಲ್ಕನೆಯದು ಅಳತೆಯೇ ಅಲ್ಲ.

ಮೂರು ಜಾತಿಯ ಪದಗಳು

ಕಿಲೋ ಮತ್ತು ಗ್ರಾಂ ನಡುವಿನ ಸಂಬಂಧ ಯಾವ ಉಗ್ರಾಣದಲ್ಲೂ ಬದಲಾಗುವುದಿಲ್ಲ. ಬೇಳೆಯಾದರೂ ಬೆಲ್ಲವಾದರೂ 1000 ಗ್ರಾಂ ಎಂದರೆ ಒಂದು ಕಿಲೋ. ಪ್ಯಾರಿಸ್ ಬಳಿ ಕಾಪಿಟ್ಟಿದ್ದ ಪ್ಲಾಟಿನಂ-ಇರಿಡಿಯಂ ಉರುಳೆಯೊಂದು 2019ರವರೆಗೆ ಕಿಲೋಗ್ರಾಂಗೆ ಆಧಾರವಾಗಿತ್ತು. ಆ ವರ್ಷದ ಮೇ 20ರಿಂದ ಅದನ್ನು ಪ್ಲಾಂಕ್ ಸ್ಥಿರಾಂಕದ ಮೇಲೆ, ಅಂದರೆ ಪ್ರಕೃತಿಯದೇ ಒಂದು ಬದಲಾಗದ ಸಂಖ್ಯೆಯ ಮೇಲೆ ನಿಲ್ಲಿಸಲಾಯಿತು. ಹಾಗಾಗಿ ಗ್ರಾಂನಿಂದ ಕಿಲೋಗೆ ಹೋಗಲು ವಸ್ತು ಯಾವುದು, ಎಲ್ಲಿಂದ ಬಂತು ಎಂದು ಕೇಳಬೇಕಿಲ್ಲ. 1000ದಿಂದ ಭಾಗಿಸಿದರೆ ಮುಗಿಯಿತು.

ಡಜನ್ ಎಂದರೆ 12. ಇದೂ ಬದಲಾಗದು. ಆದರೆ ಅದು 12 ಏನು ಎಂಬುದನ್ನು ಹೇಳುವುದಿಲ್ಲ. ಒಂದು ಡಜನ್ ಮೊಟ್ಟೆ 12 ಮೊಟ್ಟೆ, ಒಂದು ಡಜನ್ ಪ್ಯಾಕೆಟ್ 12 ಪ್ಯಾಕೆಟ್. ಡಜನ್ ಬಿಡಿಸಿದ ಮೇಲೂ ಕೈಯಲ್ಲಿ ಉಳಿಯುವುದು ಎಣಿಕೆಯೇ. ಅದನ್ನು ತೂಕ ಮಾಡಬೇಕಾದರೆ ಇನ್ನೊಂದು ಮಾಹಿತಿ ಬೇಕು. ಬಾಳೆಹಣ್ಣನ್ನು ಕಿಲೋ ಲೆಕ್ಕದಲ್ಲಿ ಕೊಂಡು, ಮಕ್ಕಳಿಗೆ ಒಂದೊಂದರಂತೆ ಹಂಚಿ, ಉಳಿದದ್ದನ್ನು ಡಜನ್ನಿನಲ್ಲಿ ಬರೆಯುವ ನಿಲಯಗಳಿವೆ. ಅಲ್ಲಿ ಡಜನ್ನನ್ನು ಕಿಲೋ ಮಾಡುವ ಯಾವ ಸೂತ್ರವೂ ಇಲ್ಲ. ಏಲಕ್ಕಿ ಬಾಳೆಯ ಡಜನ್ನಿಗೂ ಪಚ್ಚಬಾಳೆಯ ಡಜನ್ನಿಗೂ ತೂಕದಲ್ಲಿ ಅಜಗಜಾಂತರ. ಅಂಥ ಕಡೆ ಪರಿವರ್ತನೆಗೆ ಕೈಹಾಕದೆ ತಕ್ಕಡಿಗೆ ಹಾಕುವುದೇ ಸರಿ.

ಪ್ಯಾಕೆಟ್, ಮೂಟೆ, ಟಿನ್ನು, ಡಬ್ಬ, ಕಟ್ಟು ಇವು ಮೂರನೆಯ ಜಾತಿ. ಇವು ಒಂದು ವಸ್ತು ಯಾವ ರೂಪದಲ್ಲಿ ಬಂದಿದೆ ಎಂದು ಹೇಳುತ್ತವೆಯೇ ಹೊರತು ಎಷ್ಟಿದೆ ಎಂದು ಹೇಳುವುದಿಲ್ಲ. ಪ್ಯಾಕೆಟ್ಟಿನೊಳಗೆ ಎಷ್ಟಿರಬೇಕು ಎಂಬುದು ಕಂಪನಿಯ ಮಾರಾಟ ವಿಭಾಗದ ನಿರ್ಧಾರ. ಅದು ವಸ್ತುವಿನಿಂದ ವಸ್ತುವಿಗೆ, ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ, ಕೆಲವೊಮ್ಮೆ ಈ ತಿಂಗಳಿನಿಂದ ಮುಂದಿನ ತಿಂಗಳಿಗೆ ಬದಲಾಗುತ್ತದೆ.

ಕಾನೂನು ಕೂಡ ಇಲ್ಲಿ ನೆರವಿಗೆ ಬರುವುದಿಲ್ಲ. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳ ಎರಡನೆಯ ಅನುಸೂಚಿಯಲ್ಲಿ ಚಹಾ, ಬಿಸ್ಕತ್ತು, ಅಡುಗೆ ಎಣ್ಣೆಯಂಥ ಕೆಲವು ಸರಕುಗಳನ್ನು ಯಾವ ಯಾವ ಗಾತ್ರದ ಪೊಟ್ಟಣಗಳಲ್ಲಿ ಮಾರಬೇಕೆಂದು ಗೊತ್ತುಮಾಡಲಾಗಿತ್ತು. 2021ರ ನವೆಂಬರಿನ ತಿದ್ದುಪಡಿ ಆ ಅನುಸೂಚಿಯನ್ನೇ ಕೈಬಿಟ್ಟಿತು. ಬದಲಿಗೆ, ಒಂದು ಗ್ರಾಂ ಅಥವಾ ಒಂದು ಕಿಲೋಗೆ ಎಷ್ಟು ಬೆಲೆ ಬೀಳುತ್ತದೆ ಎಂಬುದನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದು ಹೇಳಿತು. ಗಾತ್ರ ನಿಮ್ಮಿಷ್ಟ, ಹೋಲಿಕೆ ಮಾತ್ರ ಗ್ರಾಂ, ಕಿಲೋಗಳಲ್ಲೇ ಆಗಲಿ ಎಂಬುದು ಇದರ ಅರ್ಥ. ಉಗ್ರಾಣದ ಹಾಳೆಯೂ ಇದೇ ನಿಲುವು ತಾಳಬೇಕಾಗಿದೆ.

ಕೂಗುವ ತಪ್ಪು, ಬಾಯಿಬಿಡದ ತಪ್ಪು

ಮೇಲಿನ ಐದು ಸಾಲುಗಳಿಗೆ ಮರಳೋಣ. ಉಗ್ರಾಣಕ್ಕೆ ಹೋಗಿ ಲೇಬಲ್ ಓದಿದಾಗ ಮೂಟೆಗಳ ಮೇಲೆ ನಿವ್ವಳ ತೂಕ 30 ಕೆಜಿ ಎಂದಿದೆ. ಡಜನ್ ಪ್ಯಾಕೆಟ್ಟುಗಳು ಅರ್ಧ ಕಿಲೋದವು. ಬಿಡಿಯಾಗಿರುವ 8 ಪ್ಯಾಕೆಟ್ಟುಗಳು ಒಂದೊಂದು ಕಿಲೋದವು. ಆಗ ಲೆಕ್ಕ ಹೀಗಾಗುತ್ತದೆ: ಮೂಟೆಗಳಿಂದ 60, ಬಿಡಿ ಬೇಳೆ 12.5, ಗ್ರಾಂ ಸಾಲಿನಿಂದ 0.75, ಡಜನ್ ಪ್ಯಾಕೆಟ್ಟಿನಿಂದ 6, ಕೊನೆಯ ಸಾಲಿನಿಂದ 8. ಒಟ್ಟು 87.25 ಕೆಜಿ.

ಈಗ ತಪ್ಪುಗಳನ್ನು ಒಂದೊಂದಾಗಿ ಮಾಡಿ ನೋಡೋಣ. 750 ಗ್ರಾಂ ಅನ್ನು 750 ಕಿಲೋ ಎಂದು ಬಿಟ್ಟರೆ ಮೊತ್ತ 836.5 ಆಗುತ್ತದೆ. ನಿಲಯಪಾಲಕರು ಸಹಿ ಹಾಕುವ ಮುನ್ನವೇ ಹುಬ್ಬೇರಿಸುತ್ತಾರೆ, ಅಷ್ಟು ಬೇಳೆ ಇಡಲು ಆ ಕೋಣೆಯಲ್ಲಿ ಜಾಗವೇ ಇಲ್ಲ. ಎಲ್ಲ ಪ್ಯಾಕೆಟ್ಟುಗಳೂ ಅರ್ಧ ಕಿಲೋದವು ಎಂದು ಹಿಡಿದರೆ ಮೊತ್ತ 83.25. ಎಲ್ಲವೂ ಒಂದು ಕಿಲೋದವು ಎಂದರೆ 93.25. ಈ ಎರಡು ಅಂಕಿಗಳ ಮುಂದೆ ಯಾರೂ ಹುಬ್ಬೇರಿಸುವುದಿಲ್ಲ. ಎರಡೂ ಸರಿಯಿರಬಹುದಾದ ಅಂಕಿಗಳಂತೆಯೇ ಕಾಣುತ್ತವೆ.

ಕಿಲೋ-ಗ್ರಾಂ ಗೊಂದಲ ಸಾವಿರ ಪಟ್ಟಿನದು. ಅಷ್ಟು ದೊಡ್ಡ ತಪ್ಪು ತನ್ನನ್ನು ತಾನೇ ಹಿಡಿದುಕೊಡುತ್ತದೆ. ಪ್ಯಾಕೆಟ್ ಗೊಂದಲ ಒಂದೂವರೆ ಪಟ್ಟು, ಎರಡು ಪಟ್ಟಿನದು. ಅದು ಸಹಜ ಏರಿಳಿತದೊಳಗೆ ಅಡಗಿ ಕುಳಿತು ವರ್ಷಗಟ್ಟಲೆ ಬಾಳುತ್ತದೆ. ಆದರೂ ಹಾಳೆ ಸರಿಪಡಿಸಲು ಕುಳಿತವರು ಹೆಚ್ಚಿನ ಹೊತ್ತು ಕಳೆಯುವುದು ಗ್ರಾಂಗಳನ್ನು ಕಿಲೋ ಮಾಡುವುದರಲ್ಲಿ, ಏಕೆಂದರೆ ಆ ಕೆಲಸಕ್ಕೆ ಕುರ್ಚಿಯಿಂದ ಏಳಬೇಕಿಲ್ಲ. ಪ್ಯಾಕೆಟ್ಟಿಗಾದರೆ ಎದ್ದು ಕಪಾಟಿನ ತನಕ ಹೋಗಬೇಕು.

ಈ ಮೌನದ ತಪ್ಪಿನ ಬೆಲೆ ಏನೆಂದು ತಿಳಿಯಲು ಅಕ್ಕಿ ಮೂಟೆಯನ್ನು ನೋಡಿ. 2022ರ ಜುಲೈ 18ರಿಂದ, ಮೊದಲೇ ತುಂಬಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟುಗಳ ಮೇಲೆ ಶೇ 5ರ ಜಿಎಸ್‌ಟಿ ಬಂತು. 25 ಕಿಲೋಗಿಂತ ಹೆಚ್ಚು ತೂಕದ ಒಂಟಿ ಚೀಲವನ್ನು ಅದರಿಂದ ಹೊರಗಿಡಲಾಗಿತ್ತು. ಬಳಿಕ ಮಾರುಕಟ್ಟೆಯಲ್ಲಿ 26 ಕಿಲೋದ ಅಕ್ಕಿ ಚೀಲಗಳು ಕಾಣಿಸಿಕೊಂಡವು. ಚೀಲದ ಚಿತ್ರ, ಬಣ್ಣ ಹಳೆಯದೇ, ಒಳಗೆ ಒಂದು ಕಿಲೋ ಹೆಚ್ಚು. ಉಗ್ರಾಣದಲ್ಲಿ ಅಂಥ 40 ಚೀಲಗಳಿದ್ದು, ಹಾಳೆಯ ಹಳೆಯ ಸೂತ್ರ ಪ್ರತಿ ಚೀಲಕ್ಕೆ 25 ಎಂದು ಗುಣಿಸುತ್ತಿದ್ದರೆ ಮೊತ್ತ ಸರಿಯಾಗಿ 1000 ಕೆಜಿ ಎಂದು ಬರುತ್ತದೆ. ನೋಡಲು ಚೆಂದದ ಸಂಖ್ಯೆ. ನಿಜವಾದ ಅಕ್ಕಿ 1040 ಕೆಜಿ. ಉಳಿದ 40 ಕಿಲೋ ಅಕ್ಕಿ ಕೋಣೆಯಲ್ಲಿದೆ, ಕಾಗದದ ಮೇಲೆ ಇಲ್ಲ. ಅದು ಹೊರಗೆ ಹೋದರೂ ಯಾವ ಲೆಕ್ಕವೂ ತಪ್ಪುವುದಿಲ್ಲ. ಅಳತೆಯ ಅಸಡ್ಡೆ ಹೀಗೆ ಕಳ್ಳತನಕ್ಕೆ ಬಾಗಿಲು ತೆರೆದಿಡುತ್ತದೆ. ಆ ಬಾಗಿಲಿನಿಂದ ಯಾರೂ ಹೋಗದಿದ್ದರೂ, ಹೋಗಿಲ್ಲ ಎಂದು ತೋರಿಸುವ ದಾರಿ ಉಗ್ರಾಣ ನೋಡಿಕೊಳ್ಳುವವರಿಗೆ ಇರುವುದಿಲ್ಲ.

ಎಣ್ಣೆಯ ಕಥೆ ಇನ್ನೂ ಸೂಕ್ಷ್ಮ. ಅಲ್ಲಿ ತೂಕವೂ ಗಾತ್ರವೂ ಒಂದಕ್ಕೊಂದು ಬೆರೆತುಹೋಗುತ್ತವೆ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ‘15ರ ಟಿನ್ನು’ ಎಂದು ಬಾಯಲ್ಲಿ ಹೇಳುವಾಗ ಅದು 15 ಕಿಲೋದ್ದೋ 15 ಲೀಟರಿನದ್ದೋ ಎಂಬುದು ಮಾತಿನಲ್ಲಿ ಬರುವುದಿಲ್ಲ. 15 ಲೀಟರಿನದಾದರೆ ಅದರಲ್ಲಿರುವುದು ಸುಮಾರು 13.65 ಕಿಲೋ. ಎರಡು ಟಿನ್ನು ಮತ್ತು ಒಂದೊಂದು ಲೀಟರಿನ ಹತ್ತು ಪೊಟ್ಟಣ ಇದ್ದರೆ, ಮೊದಲ ಅರ್ಥದಲ್ಲಿ 39.1 ಕಿಲೋ, ಎರಡನೆಯ ಅರ್ಥದಲ್ಲಿ 36.4 ಕಿಲೋ. ಟಿನ್ನಿನ ಬದಿಯ ಅಕ್ಷರ ಓದದೆ ಇವೆರಡರಲ್ಲಿ ಯಾವುದು ಸರಿ ಎಂದು ಹೇಳಲು ಬರುವುದಿಲ್ಲ. ಎಣ್ಣೆಗೆ ಕಿಲೋವನ್ನೇ ಮೂಲ ಅಳತೆಯಾಗಿ ಆರಿಸಿಕೊಳ್ಳುವುದು ವಾಸಿ. ಬಿಸಿಯಾದಾಗ ಎಣ್ಣೆಯ ಗಾತ್ರ ಹಿಗ್ಗುತ್ತದೆ, ತೂಕ ಹಿಗ್ಗುವುದಿಲ್ಲ. ಕೆಲವು ತಯಾರಕರು ಹೆಚ್ಚಿನ ಉಷ್ಣಾಂಶದಲ್ಲಿ ಅಳೆದ ಗಾತ್ರವನ್ನು ಪೊಟ್ಟಣದ ಮೇಲೆ ಮುದ್ರಿಸುತ್ತಿದ್ದುದರಿಂದಲೇ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ, ಉಷ್ಣಾಂಶದ ಉಲ್ಲೇಖವಿಲ್ಲದೆ ಪ್ರಮಾಣ ತಿಳಿಸಿ, ಜೊತೆಗೆ ತೂಕವನ್ನೂ ಕೊಡಿ ಎಂದು ಸೂಚಿಸಬೇಕಾಯಿತು.

ಪರಿವರ್ತನೆ ಎಲ್ಲಿ ನಡೆಯಬೇಕು?

ಇಲ್ಲಿ ಎರಡು ಅಭಿಪ್ರಾಯಗಳಿವೆ. ಒಂದು ಪಕ್ಷದವರು ಹೇಳುವುದು ಹೀಗೆ: ಎಣಿಸುವವರೇ ಎಲ್ಲವನ್ನೂ ಕಿಲೋಗೆ ತಿರುಗಿಸಿ ಬರೆಯಲಿ. ಹಾಳೆಯಲ್ಲಿ ‘ಕೆಜಿ’ ಬಿಟ್ಟು ಬೇರೆ ಪದವನ್ನೇ ಒಪ್ಪಬಾರದು. ಆಗ ಗಲೀಜೇ ಆಗುವುದಿಲ್ಲ, ಸರಿಪಡಿಸುವ ಗೋಜೂ ಇರುವುದಿಲ್ಲ.

ಕೇಳಲು ಇದು ಅಚ್ಚುಕಟ್ಟಾಗಿದೆ. ಆದರೆ ಇದರಿಂದ ಹಾಳೆ ಶುಚಿಯಾಗುತ್ತದೆಯೇ ಹೊರತು ಲೆಕ್ಕ ಶುಚಿಯಾಗುವುದಿಲ್ಲ. ಕಪಾಟಿನ ಮುಂದೆ ನಿಂತವರು ಒಂದು ಡಜನ್ ಪ್ಯಾಕೆಟ್ ನೋಡಿ, ಮನಸ್ಸಿನಲ್ಲೇ ಗುಣಿಸಿ, ‘6’ ಎಂದು ಬರೆದರು ಎನ್ನಿ. ಆ 6 ನೋಡಿದವರಿಗೆ ಅದು ಹನ್ನೆರಡು ಅರ್ಧ ಕಿಲೋಗಳಿಂದ ಬಂತೋ, ಆರು ಒಂದು ಕಿಲೋಗಳಿಂದ ಬಂತೋ, ಮನಸ್ಸಿನ ಗುಣಾಕಾರದಲ್ಲಿ ಆದ ತಪ್ಪಿನಿಂದ ಬಂತೋ ತಿಳಿಯುವುದಿಲ್ಲ. ಕಣ್ಣು ಕಂಡದ್ದು ಅಳಿಸಿಹೋಗಿ, ತಲೆ ಲೆಕ್ಕ ಹಾಕಿದ್ದು ಮಾತ್ರ ಉಳಿಯುತ್ತದೆ. ಮರುಪರಿಶೀಲನೆಗೆ ಬಂದ ಲೆಕ್ಕ ತಪಾಸಕರು ಮತ್ತೆ ಎಲ್ಲವನ್ನೂ ಎಣಿಸಬೇಕಾಗುತ್ತದೆ.

ಆದ್ದರಿಂದ ಎರಡನೆಯ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಕಪಾಟಿನ ಬಳಿ ಇರುವವರು ಕಂಡದ್ದನ್ನು ಕಂಡಂತೆ ಬರೆಯಲಿ: ಎಷ್ಟು, ಯಾವ ರೂಪದಲ್ಲಿ, ಲೇಬಲ್ಲಿನ ಮೇಲೆ ಎಷ್ಟೆಂದಿದೆ. ಗುಣಾಕಾರ ಮೇಜಿನ ಬಳಿ, ಎಲ್ಲರೂ ನೋಡಬಹುದಾದ ಒಂದು ಪಟ್ಟಿಯ ಮೂಲಕ ನಡೆಯಲಿ. ಮೂಲ ಕಾಲಂಗೆ ಯಾರೂ ಕೈಹಾಕಬಾರದು. ಪರಿವರ್ತಿಸಿದ ಅಂಕಿ ಪಕ್ಕದ ಕಾಲಂನಲ್ಲಿ ಇರಬೇಕು. ಮೂಲವನ್ನು ಅಳಿಸಿ ಅದರ ಮೇಲೆಯೇ ಕಿಲೋ ಬರೆದರೆ, ನಾಳೆ ಇನ್ನೊಬ್ಬರು ಬಂದು ಆ 0.75ನ್ನು ಮತ್ತೆ 1000ದಿಂದ ಭಾಗಿಸುವ ಸಾಧ್ಯತೆ ಇದ್ದೇ ಇದೆ.

ಆ ಪಟ್ಟಿಯಲ್ಲಿ ‘ಪ್ಯಾಕೆಟ್’ ಎಂಬ ಒಂಟಿ ಪದಕ್ಕೆ ಜಾಗ ಇರಬಾರದು. ‘500 ಗ್ರಾಂ ಪ್ಯಾಕೆಟ್’ ಇರಲಿ, ‘1 ಕೆಜಿ ಪ್ಯಾಕೆಟ್’ ಇರಲಿ, ‘26 ಕೆಜಿ ಚೀಲ’ ಇರಲಿ. ವಸ್ತುವಿನ ಹೆಸರೂ ಈ ರೂಪದ ಹೆಸರೂ ಸೇರಿದ ಜೋಡಿಗೆ ಒಂದು ಗುಣಕ. ತೊಗರಿಬೇಳೆ, 500 ಗ್ರಾಂ ಪ್ಯಾಕೆಟ್: 0.5. ತೊಗರಿಬೇಳೆ, 30 ಕೆಜಿ ಮೂಟೆ: 30. ಮೊಟ್ಟೆ, ಟ್ರೇ: 30. ಮೊಟ್ಟೆ, ಡಜನ್: 12. ಮೊಟ್ಟೆಯ ಗುಣಕಗಳು ಅದನ್ನು ಕಿಲೋಗೆ ಒಯ್ಯುವುದಿಲ್ಲ, ಬಿಡಿ ಎಣಿಕೆಗೆ ಒಯ್ಯುತ್ತವೆ. ಮೂರು ಟ್ರೇ, ಎರಡು ಡಜನ್, ಏಳು ಬಿಡಿ ಎಂದರೆ 121 ಮೊಟ್ಟೆ. ಯಾವ ವಸ್ತುವಿಗೆ ಯಾವ ಮೂಲ ಅಳತೆ ಎಂಬುದಕ್ಕೆ ಅಡುಗೆಮನೆಯೇ ಉತ್ತರ ಹೇಳುತ್ತದೆ. ಅಡುಗೆಯವರು ಬೇಳೆಯನ್ನು ತೂಗಿ ಒಯ್ಯುತ್ತಾರೆ, ಮೊಟ್ಟೆಯನ್ನು ಎಣಿಸಿ ಒಯ್ಯುತ್ತಾರೆ. ಒಯ್ಯುವ ಅಳತೆಯೇ ದಾಸ್ತಾನಿನ ಅಳತೆಯೂ ಆಗಲಿ.

ಕಂಪನಿ 500 ಗ್ರಾಂ ಪೊಟ್ಟಣವನ್ನು ಸದ್ದಿಲ್ಲದೆ 450 ಗ್ರಾಂಗೆ ಇಳಿಸಿದಾಗ ಈ ಪಟ್ಟಿಯ ನಿಜವಾದ ಪರೀಕ್ಷೆ. ಆಗ ಹಳೆಯ ಸಾಲಿನ 0.5ನ್ನು 0.45 ಎಂದು ತಿದ್ದಬಾರದು. ತಿದ್ದಿದರೆ ಕಳೆದ ವರ್ಷದ ಮೊತ್ತಗಳೂ ತಾವಾಗಿಯೇ ಬದಲಾಗುತ್ತವೆ, ಏಕೆಂದರೆ ಅವೂ ಇದೇ ಪಟ್ಟಿಯಿಂದ ಗುಣಕ ಪಡೆಯುತ್ತಿರುತ್ತವೆ. ‘450 ಗ್ರಾಂ ಪ್ಯಾಕೆಟ್’ ಎಂಬ ಹೊಸ ಸಾಲು ಸೇರಬೇಕು, ಹಳೆಯದು ಹಾಗೇ ಉಳಿಯಬೇಕು.

ಯಂತ್ರ ಎಲ್ಲಿ ಕೈಕೊಡುತ್ತದೆ

ಹಾಳೆ ಕಂಪ್ಯೂಟರಿನಲ್ಲಿದೆ ಎಂಬ ಕಾರಣಕ್ಕೆ ಮೊತ್ತವನ್ನು ನಂಬುವವರು ಬಹಳ. ಒಂದು ಖಾನೆಯಲ್ಲಿ `12.5 ಕೆಜಿ` ಎಂದು ಅಂಕಿಯನ್ನೂ ಅಕ್ಷರವನ್ನೂ ಒಟ್ಟಿಗೆ ಬರೆದರೆ ಯಂತ್ರ ಅದನ್ನು ಅಕ್ಷರವೆಂದೇ ತಿಳಿಯುತ್ತದೆ. `SUM` ಅದನ್ನು ದಾಟಿ ಮುಂದೆ ಹೋಗುತ್ತದೆ, ದೋಷವೆಂದು ಸೂಚಿಸುವುದೂ ಇಲ್ಲ. ಹನ್ನೆರಡೂವರೆ ಕಿಲೋ ಬೇಳೆ ಮೊತ್ತದಿಂದ ಮಾಯವಾಗುತ್ತದೆ. ಇದನ್ನು ಪತ್ತೆಹಚ್ಚಲು ಒಂದು ಸುಲಭದ ಉಪಾಯವಿದೆ. `COUNT` ಅಂಕಿಗಳಿರುವ ಖಾನೆಗಳನ್ನು ಮಾತ್ರ ಎಣಿಸುತ್ತದೆ, `COUNTA` ಖಾಲಿಯಲ್ಲದ ಎಲ್ಲ ಖಾನೆಗಳನ್ನೂ ಎಣಿಸುತ್ತದೆ. ಪ್ರಮಾಣದ ಕಾಲಂನಲ್ಲಿ, ತಲೆಬರಹ ಬಿಟ್ಟು, ಇವೆರಡರ ಉತ್ತರ ಬೇರೆ ಬಂದರೆ ಆ ವ್ಯತ್ಯಾಸದಷ್ಟು ಸಾಲುಗಳು ಮೊತ್ತದಿಂದ ಹೊರಗುಳಿದಿವೆ ಎಂದರ್ಥ.

ಅಂಗಡಿಯ ಲೆಕ್ಕದ ಬರಹ ಇನ್ನೊಂದು ತೊಡಕು. ಒಂದು ಕಿಲೋ 50 ಗ್ರಾಂ ಎಂಬುದನ್ನು ವಹಿಯಲ್ಲಿ 1-50 ಎಂದು ಬರೆಯುವುದುಂಟು. ಅದನ್ನೇ ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೆ ಅದು 1950ರ ಜನವರಿ ಎಂಬ ದಿನಾಂಕವಾಗಿಬಿಡಬಹುದು. ದಿನಾಂಕದ ಹಿಂದೆ ಯಂತ್ರ ಇಟ್ಟುಕೊಳ್ಳುವ ಸಂಖ್ಯೆ 18264. ಮೊತ್ತಕ್ಕೆ ಸೇರುವುದು ಆ ಸಂಖ್ಯೆ. ಇದು ಕೂಗಿ ಹೇಳುವ ತಪ್ಪು, ಹಾಗಾಗಿ ಸಿಕ್ಕಿಬೀಳುತ್ತದೆ. ಅದೇ ಪ್ರಮಾಣವನ್ನು 1.50 ಎಂದು ಬರೆದರೆ ಯಂತ್ರ ಒಂದೂವರೆ ಕಿಲೋ ಎಂದು ತಿಳಿಯುತ್ತದೆ, ನಿಜವಾಗಿ ಬೇಕಿದ್ದದ್ದು 1.050. ಇದು ಬಾಯಿಬಿಡದ ತಪ್ಪು. ಕಿಲೋಗೂ ಗ್ರಾಂಗೂ ಬೇರೆ ಬೇರೆ ಸಾಲು ಕೊಡುವುದೇ ಇದಕ್ಕೆ ಮದ್ದು.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಎದುರಾಗುವ ತೊಂದರೆಯೂ ಒಂದಿದೆ. ‘ಪ್ಯಾಕೆಟ್’ ಎಂಬಂಥ ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೆ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಸೇರಿಸುತ್ತವೆ, ಮುಂದಿನ ಅಕ್ಷರ ಒತ್ತಕ್ಷರವಾಗದಿರಲಿ ಎಂದು. ಪರದೆಯ ಮೇಲೆ ಎರಡು ‘ಪ್ಯಾಕೆಟ್’ಗಳೂ ಒಂದೇ ತೆರನಾಗಿ ಕಂಡರೂ ಯಂತ್ರ ಅವನ್ನು ಬೇರೆ ಪದಗಳೆಂದು ಎಣಿಸಬಹುದು. `TRIM` ಜಾಗಗಳನ್ನು ಕತ್ತರಿಸುತ್ತದೆ, ಈ ಚಿಹ್ನೆಯನ್ನು ತೆಗೆಯುವುದಿಲ್ಲ. `SUBSTITUTE(D2,UNICHAR(8204),"")` ತೆಗೆಯುತ್ತದೆ. ಅದಕ್ಕಿಂತ ಒಳ್ಳೆಯದು, ಅಳತೆಯ ಹೆಸರನ್ನು ಟೈಪ್ ಮಾಡಿಸದೆ ಪಟ್ಟಿಯಿಂದ ಆರಿಸುವಂತೆ ಮಾಡುವುದು. ತೊಗರಿ, ತೊಗರಿಬೇಳೆ, ತೊಗರಿ ಬೇಳೆ ಎಂಬ ಮೂರು ಹೆಸರುಗಳಿಗೂ ಇದೇ ಪರಿಹಾರ.

ಪದಗಳು ಒಂದೇ ರೀತಿ ಆದವು ಎಂದ ಮಾತ್ರಕ್ಕೆ ಪ್ರಮಾಣ ಒಂದೇ ಆಗಲಿಲ್ಲ ಎಂಬುದನ್ನೂ ನೆನಪಿಡಬೇಕು. ಜಿಎಸ್‌ಟಿ ವಿವರಪಟ್ಟಿಗಳಿಗೆಂದು ಗೊತ್ತುಮಾಡಿರುವ ಅಳತೆ ಸಂಕೇತಗಳಲ್ಲಿ `KGS`, `GMS`, `DOZ` ಇವೆ. ಅವುಗಳ ಸಾಲಿನಲ್ಲೇ `PAC`, `BAG` ಕೂಡ ಇವೆ. ದೇಶದ ಎಲ್ಲ ಬಿಲ್ಲುಗಳಲ್ಲೂ `BAG` ಎಂದೇ ಬರೆದರೂ ಆ ಚೀಲ 25ರದ್ದೋ 26ರದ್ದೋ 50ರದ್ದೋ ಎಂದು ಸಂಕೇತ ಹೇಳುವುದಿಲ್ಲ.

ಗೊತ್ತಿಲ್ಲದ್ದಕ್ಕೆ ಸೊನ್ನೆ ಹಾಕಬಾರದು

ಎಷ್ಟೇ ಎಚ್ಚರ ವಹಿಸಿದರೂ ಕೆಲವು ಸಾಲುಗಳು ಉಳಿಯುತ್ತವೆ. ‘ಮೆಣಸಿನಪುಡಿ, 5 ಪ್ಯಾಕೆಟ್’ ಎಂದಿದೆ. ಬರೆದವರು ರಜೆಯ ಮೇಲಿದ್ದಾರೆ, ಪ್ಯಾಕೆಟ್ಟುಗಳು ಖರ್ಚಾಗಿವೆ, ಬಿಲ್ಲು ಸಿಗುತ್ತಿಲ್ಲ. ಇಂಥಲ್ಲಿ ಎರಡು ಚಟಗಳು ಕಾಣುತ್ತವೆ. ‘ಸಾಮಾನ್ಯವಾಗಿ 200 ಗ್ರಾಂ ಇರುತ್ತೆ’ ಎಂದು ಊಹಿಸಿ ತುಂಬುವುದು ಒಂದು. ಗುಣಕ ಸಿಗದಿದ್ದರೆ ಸೊನ್ನೆ ಎಂದು ಸೂತ್ರದಲ್ಲೇ ಬರೆದುಬಿಡುವುದು ಇನ್ನೊಂದು. ಎರಡನೆಯದು ಹೆಚ್ಚು ಕೆಟ್ಟದ್ದು. ಊಹೆಯಲ್ಲಿ ತಪ್ಪು ಕೊಂಚ ಇರಬಹುದು, ಸೊನ್ನೆಯಾದರೋ ಇರುವ ವಸ್ತುವನ್ನೇ ಇಲ್ಲ ಎನ್ನುತ್ತದೆ.

ಸೂತ್ರ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಬೇಕು. A ಕಾಲಂನಲ್ಲಿ ವಸ್ತು, C ಯಲ್ಲಿ ಸಂಖ್ಯೆ, D ಯಲ್ಲಿ ರೂಪ ಇದ್ದು, `Units` ಎಂಬ ಹಾಳೆಯ A ಕಾಲಂನಲ್ಲಿ `ವಸ್ತು|ರೂಪ` ಎಂಬ ಜೋಡಿಯೂ B ಯಲ್ಲಿ ಅದರ ಗುಣಕವೂ ಇದ್ದರೆ, F2 ಮತ್ತು G2 ಖಾನೆಗಳಿಗೆ ಇಷ್ಟು ಸಾಕು:

```
F2: =XLOOKUP(A2&"|"&D2, Units!A:A, Units!B:B, "ಇಲ್ಲ")
G2: =IF(ISNUMBER(F2), C2*F2, "ಕೇಳಿ")
```

ಗುಣಕ ಸಿಕ್ಕರೆ ಗುಣಾಕಾರ, ಸಿಗದಿದ್ದರೆ ‘ಕೇಳಿ’ ಎಂಬ ಪದ. `COUNTIF(G:G,"ಕೇಳಿ")` ಎಂದರೆ ಅಂಥ ಸಾಲುಗಳೆಷ್ಟು ಎಂದು ತಿಳಿಯುತ್ತದೆ. ಈ ಸಂಖ್ಯೆ ಮೊತ್ತದ ಪಕ್ಕದಲ್ಲೇ ಕಾಣುತ್ತಿರಬೇಕು. ‘ಮೆಣಸಿನಪುಡಿ 3.4 ಕೆಜಿ, ಒಂದು ಸಾಲು ಬಾಕಿ’ ಎಂಬ ವರದಿ, ‘ಮೆಣಸಿನಪುಡಿ 4.4 ಕೆಜಿ’ ಎಂಬ ಊಹೆಯ ವರದಿಗಿಂತ ಪ್ರಾಮಾಣಿಕ. ಮೊದಲನೆಯದು ಓದುವವರಿಗೆ ಮುಂದೇನು ಮಾಡಬೇಕೆಂದು ಹೇಳುತ್ತದೆ, ಎರಡನೆಯದು ಇನ್ನೇನೂ ಮಾಡಬೇಕಿಲ್ಲ ಎಂಬ ಸುಳ್ಳು ನೆಮ್ಮದಿ ಕೊಡುತ್ತದೆ.

ಇನ್ನು ಒಂದು ಆಕ್ಷೇಪ ಉಳಿದಿದೆ. ಕೊನೆಗೆ ಬೇಕಾಗಿರುವುದು ರೂಪಾಯಿಯ ಮೊತ್ತ ತಾನೆ, ಪ್ರಮಾಣದ ಬಗ್ಗೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದೇಕೆ ಎಂದು ಲೆಕ್ಕಿಗರು ಕೇಳಬಹುದು. ಅಕ್ಕಿ, ಮೊಟ್ಟೆ, ಎಣ್ಣೆಗಳನ್ನು ಒಟ್ಟುಗೂಡಿಸಬಲ್ಲದ್ದು ರೂಪಾಯಿ ಒಂದೇ ಎಂಬುದು ನಿಜ. ಕಿಲೋ ಮತ್ತು ಮೊಟ್ಟೆಗಳನ್ನು ಕೂಡಿ ‘ಒಟ್ಟು ದಾಸ್ತಾನು’ ಎಂದು ಬರೆದರೆ ಅದಕ್ಕೆ ಅರ್ಥವಿಲ್ಲ. ಆದರೆ ರೂಪಾಯಿ ಬರುವುದು ಪ್ರಮಾಣವನ್ನು ದರದಿಂದ ಗುಣಿಸಿದಾಗ, ದರಕ್ಕೂ ಒಂದು ಅಳತೆ ಅಂಟಿಕೊಂಡಿರುತ್ತದೆ. ಅರ್ಧ ಕಿಲೋ ಬೇಳೆ ಪ್ಯಾಕೆಟ್ಟಿನ ಬೆಲೆ 75 ರೂಪಾಯಿ ಎಂದುಕೊಳ್ಳಿ. ಬಿಲ್ಲಿನಲ್ಲಿ ಕಂಡ ಆ 75ನ್ನು ಕಿಲೋ ದರವೆಂದು ತಿಳಿದು 87.25ರಿಂದ ಗುಣಿಸಿದರೆ 6,543.75 ರೂಪಾಯಿ. ಕಿಲೋಗೆ 150 ಎಂದು ಸರಿಪಡಿಸಿದರೆ 13,087.50. ಪ್ರಮಾಣ ಎಷ್ಟೇ ನಿಖರವಾಗಿದ್ದರೂ ದರದ ಅಳತೆ ಬೇರೆಯಾದರೆ ಮೌಲ್ಯ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ದರದ ಕಾಲಂನ ತಲೆಯ ಮೇಲೂ ‘ಮೂಲ ಅಳತೆಗೆ ರೂ.’ ಎಂದು ಇರಲೇಬೇಕು.

ತಪ್ಪಿನ ಗುರುತು

ಎಲ್ಲ ಮುಗಿದ ಮೇಲೆ ವಹಿಯ ಶಿಲ್ಕನ್ನು ಕಪಾಟಿನ ಎಣಿಕೆಯೊಂದಿಗೆ ತಾಳೆ ನೋಡುತ್ತಾರೆ. ವ್ಯತ್ಯಾಸ ಕಂಡೊಡನೆ ಉಗ್ರಾಣ ನೋಡಿಕೊಳ್ಳುವವರ ಮೇಲೆ ಅನುಮಾನ ಹೊರಳುತ್ತದೆ. ಅದಕ್ಕೂ ಮುಂಚೆ ವ್ಯತ್ಯಾಸದ ಸಂಖ್ಯೆಯನ್ನೇ ಒಮ್ಮೆ ನೋಡಬೇಕು. ಅಳತೆಯ ತಪ್ಪು ತನ್ನದೇ ಗುರುತು ಬಿಟ್ಟುಹೋಗಿರುತ್ತದೆ.

ಸೋಪಿನ ಲೆಕ್ಕ ನೋಡಿ. ಆರಂಭದಲ್ಲಿ 100 ಇತ್ತು, 15 ಡಜನ್ ಖರೀದಿಯಾಯಿತು, 90 ಹಂಚಿಕೆಯಾಯಿತು. ಖರೀದಿಯನ್ನು ಬರೆದವರು 15 ಎಂದಷ್ಟೇ ಬರೆದರು. ವಹಿಯ ಪ್ರಕಾರ ಉಳಿದದ್ದು 25, ಕಪಾಟಿನಲ್ಲಿರುವುದು 190. ವ್ಯತ್ಯಾಸ 165. ಡಜನ್ನನ್ನು ಒಂದು ಎಂದು ಬರೆದರೆ ಪ್ರತಿ ಡಜನ್ನಿಗೂ 11 ಕಾಣೆಯಾಗುತ್ತದೆ. 165ನ್ನು 11ರಿಂದ ಭಾಗಿಸಿದರೆ ಸರಿಯಾಗಿ 15 ಬರುತ್ತದೆ. ಈಗ ಬಿಲ್ಲುಗಳಲ್ಲಿ 15 ಎಂಬ ಅಂಕಿ ಹುಡುಕಿದರೆ ಸಾಕು. ಗ್ರಾಂ-ಕಿಲೋ ಗೊಂದಲವಾದರೆ 999ರಿಂದ ಭಾಗಿಸಿ ನೋಡಬೇಕು. ಅರ್ಧ ಕಿಲೋ ಪ್ಯಾಕೆಟ್ಟನ್ನು ಒಂದು ಕಿಲೋ ಎಂದು ಬರೆದಿದ್ದರೆ, ವ್ಯತ್ಯಾಸ ಪ್ಯಾಕೆಟ್ಟುಗಳ ಸಂಖ್ಯೆಯ ಅರ್ಧದಷ್ಟಿರುತ್ತದೆ. 40 ಚೀಲ ಅಕ್ಕಿಯಲ್ಲಿ 40 ಕಿಲೋ ಹೆಚ್ಚು ಬಂದರೆ ಚೀಲದ ಲೇಬಲ್ಲನ್ನೇ ಓದಬೇಕು. ಇಲಿ ತಿಂದದ್ದು, ಸೋರಿದ್ದು, ಕದ್ದದ್ದು ಇಷ್ಟು ನಿಖರವಾಗಿ ಭಾಗವಾಗುವುದು ಅಪರೂಪ. ಇದು ಪುರಾವೆಯಲ್ಲ, ಸುಳಿವು ಮಾತ್ರ. ಬಿಲ್ಲಿನಲ್ಲಿ ಆ 15 ಸಿಕ್ಕಾಗಲೇ ಮಾತು ಖಚಿತವಾಗುವುದು. ಆದರೂ ಒಬ್ಬರ ಮೇಲೆ ಬೆರಳು ತೋರಿಸುವ ಮೊದಲು ಈ ಒಂದು ಭಾಗಾಕಾರ ಮಾಡಿ ನೋಡುವಷ್ಟು ನ್ಯಾಯ ಅವರಿಗೆ ಸಲ್ಲಬೇಕು.

ಉಗ್ರಾಣದ ಹಾಳೆಗೆ ಸಹಿ ಹಾಕುವ ಜವಾಬ್ದಾರಿ ಇರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಕಿಲೋ-ಗ್ರಾಂಗಳ ಪರಿವರ್ತನೆ ಸರಿಯಾಗಿದೆಯೇ ಎಂದು ನೋಡಲು ಹೆಚ್ಚು ಹೊತ್ತು ವ್ಯಯಿಸಬೇಡಿ, ಅದು ತಪ್ಪಿದ್ದರೆ ಮೊತ್ತವೇ ಹೇಳುತ್ತದೆ. ‘ಪ್ಯಾಕೆಟ್’, ‘ಮೂಟೆ’, ‘ಟಿನ್ನು’ ಎಂದು ಒಂಟಿಯಾಗಿ ನಿಂತ ಪದಗಳನ್ನು ಹುಡುಕಿ, ಪ್ರತಿಯೊಂದರ ಎದುರೂ ಎಷ್ಟರದು ಎಂದು ಕೇಳಿ. ಉತ್ತರ ಬರದ ಸಾಲುಗಳ ಸಂಖ್ಯೆಯನ್ನು ಮೊತ್ತದ ಪಕ್ಕದಲ್ಲಿ ಬರೆಸಿ. ಅದಿಲ್ಲದ ಮೊತ್ತಕ್ಕೆ ಸಹಿ ಹಾಕಬೇಡಿ.